ನಾಲ್ಕು ಮನೆ, ಒಂದೇ ದೂರು ನಂಬರ್

ಉಷಾರಾಣಿಯ ಮನೆಯ ಇಂಟರ್ನೆಟ್ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕತೊಡಗಿದ್ದು ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ. ಆಗ ಅವಳು ಯಾರೋ ಪುಣ್ಯಾತ್ಮರ ಮಂಡಿಚಿಪ್ಪಿನ ಆಪರೇಷನ್ನಿನ ವಿಮೆ ಅರ್ಜಿಯನ್ನು ತೆರೆದುಕೊಂಡು, ಆಸ್ಪತ್ರೆಯವರು ಕೈಗವಸಿಗೆ ಎಷ್ಟು ಹಾಕಿದ್ದಾರೆ ಎಂದು ಬೈದುಕೊಳ್ಳುತ್ತಿದ್ದಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮಂಡಿಚಿಪ್ಪು ಅರ್ಧಕ್ಕೆ ನಿಂತಿತು.

ಬೇರೆಯವರಾಗಿದ್ದರೆ ಹಾಳಾಗಿ ಹೋಗಲಿ ಎಂದು ಒಂದು ಕಾಫಿ ಕುಡಿಯುತ್ತಿದ್ದರು. ಉಷಾರಾಣಿಗೆ ಕಾಫಿ ಕುಡಿಯುವಷ್ಟು ನೆಮ್ಮದಿ ಇರಲಿಲ್ಲ. ಅವಳ ಕಂಪನಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅವಳಿರುವುದು ಹೊಸೂರಿನ ಅಂಚಿನಲ್ಲಿ ಹೊಸದಾಗಿ ಎದ್ದ ಬಡಾವಣೆಯೊಂದರ ಮೂರನೇ ಬೀದಿಯಲ್ಲಿ. ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದರು, ಆದರೆ ಒಂದು ಷರತ್ತಿನ ಮೇಲೆ: ನೆಟ್ ಹೋಯಿತು ಎಂಬ ನೆಪ ವರ್ಷಕ್ಕೆ ಎರಡೇ ಸಲ. ಮೂರನೇ ಸಲ ಹೋದರೆ ಮಾರನೇ ದಿನದಿಂದ ಬ್ಯಾಗು ಹಾಕಿಕೊಂಡು ಆಫೀಸಿಗೆ ಬರಬೇಕು. ಎರಡು ಸಲ ಆಗಲೇ ಮುಗಿದಿತ್ತು. ಒಮ್ಮೆ ಇಲಿ ವೈರು ಕಡಿದಿತ್ತು, ಇನ್ನೊಮ್ಮೆ ರೀಚಾರ್ಜ್ ಮಾಡಿಸುವುದನ್ನು ಗಂಡ ನಂದೀಶ್ ಮರೆತಿದ್ದ. ಇಲಿಯನ್ನಾದರೂ ಅವಳು ಕ್ಷಮಿಸಿದ್ದಳು.

ಆಫೀಸಿಗೆ ಹೋಗುವುದೆಂದರೆ ಅತ್ತಿಬೆಲೆ ಟೋಲಿನ ಹತ್ತಿರ ದಿನಾ ಎರಡು ಹೊತ್ತು ಬಸ್ಸಿನಲ್ಲಿ ನಿಂತು ಬೇಯುವುದು. ಮಗಳು ಭೂಮಿಕಾಗೆ ಇನ್ನೂ ನಾಲ್ಕು ವರ್ಷ, ಹನ್ನೆರಡೂವರೆಗೆ ನರ್ಸರಿ ವ್ಯಾನು ತಂದು ಗೇಟಿನ ಮುಂದೆ ಇಳಿಸಿಬಿಡುತ್ತದೆ. ನಂದೀಶನ ಕಾರ್ಖಾನೆಯಲ್ಲಿ ಶಿಫ್ಟು ವಾರಕ್ಕೊಂದು ಸಲ ಬದಲಾಗುತ್ತದೆ. ಒಳಗೆ ಹೋಗುವಾಗ ಫೋನನ್ನೂ ಕಸಿದು ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಮನೆಯಿಂದ ಮಾಡುವ ಕೆಲಸ ಹೋದರೆ ಕೆಲಸವೇ ಹೋದಂತೆ. ಒಮ್ಮೆ ಕೆಲಸ ಬಿಟ್ಟು ಮೂರು ವರ್ಷ ಮನೆಯಲ್ಲಿದ್ದು, ಬೇಳೆ ಬೆಂದಿದೆಯಾ ಎಂದು ದಿನಕ್ಕೆ ಐದು ಸಲ ನೋಡಿ, ಹುಚ್ಚು ಹಿಡಿಯುವುದೊಂದು ಬಾಕಿ ಎನ್ನುವಷ್ಟರಲ್ಲಿ ಈ ಕೆಲಸ ಸಿಕ್ಕಿತ್ತು. ಅದನ್ನು ಬಿಡಲು ಅವಳು ತಯಾರಿರಲಿಲ್ಲ.

ಷರತ್ತಿಗೂ ಒಂದು ಕಿಟಕಿ ಇತ್ತು. ಇಡೀ ಏರಿಯಾಕ್ಕೆ ನೆಟ್ ಹೋಗಿದ್ದರೆ ಅದು ಲೆಕ್ಕಕ್ಕಿಲ್ಲ. ಅದು ದೈವಾಧೀನ. ಆದರೆ ದೈವಾಧೀನ ಅನ್ನುವುದಕ್ಕೂ ಕಾಗದ ಬೇಕು. ನೆಟ್ ಕಂಪನಿಯವರು ಹಾಕಿದ ನೋಟಿಸ್ ಆದರೂ ಇರಬೇಕು, ಇಲ್ಲವಾದರೆ ಅದೇ ಬೀದಿಯ ಮೂರು ಬೇರೆ ಬೇರೆ ಗ್ರಾಹಕರ ದೂರು ನಂಬರ್ ಆದರೂ ಇರಬೇಕು, ಅದೂ ಮಧ್ಯಾಹ್ನ ಒಂದು ಗಂಟೆಯೊಳಗೆ. ಈ ನಿಯಮ ಮಾಡಿದವನು ಅವಳ ತಂಡದ ಮುಖ್ಯಸ್ಥ ಶಶಿಕುಮಾರ್. ಆತನಿಗೆ ನಿಯಮ ಮಾಡುವುದೆಂದರೆ ಬೆಳಗಿನ ತಿಂಡಿ ಇದ್ದಂತೆ, ಬಿಟ್ಟರೆ ತಲೆ ಸುತ್ತುತ್ತದೆ.

ಉಷಾ ಮೊದಲು ಡಬ್ಬಿಯ ಸ್ವಿಚ್ಚು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿದಳು. ಕರೆಂಟಿನ ದೀಪ ಹಸಿರು, ವೈಫೈ ದೀಪ ಹಸಿರು, ಹೊರಗಿನಿಂದ ಬರುವ ಫೈಬರಿನ ದೀಪ ಮಾತ್ರ ಕೆಂಪು. ವೈರನ್ನು ಕಿಟಕಿಯವರೆಗೆ ಬೆರಳಿನಿಂದ ಸವರಿಕೊಂಡು ಹೋದಳು. ಇಲಿ ಹಲ್ಲಿನ ಗುರುತಿಲ್ಲ. ಅಂದರೆ ರೋಗ ಮನೆಯ ಹೊರಗಿದೆ. ಅವಳ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು.

ಆಫೀಸಿನ ಕೆಲಸವನ್ನು ಮೊಬೈಲ್ ಡೇಟಾದಲ್ಲಿ ಮಾಡುವಂತಿರಲಿಲ್ಲ, ಅದಕ್ಕೂ ಶಶಿಕುಮಾರನ ನಿಯಮವಿತ್ತು. ಆ ಡೇಟಾದಲ್ಲಿ ಸುಡರ್ ಫೈಬರ್ ಕಂಪನಿಯ ಆಪ್ ತೆರೆದಳು. ಆಪ್ ಅವಳಿಗೆ ಮೂರು ತಿಂಗಳ ಹಳೆಯ ಪೊಂಗಲ್ ಶುಭಾಶಯ ಕೋರಿತು. ಅದನ್ನು ಸರಿಸಿದರೆ, 'ನಿಮ್ಮ ಪ್ರದೇಶದಲ್ಲಿ ಯಾವುದೇ ತೊಂದರೆ ಕಂಡುಬಂದಿಲ್ಲ' ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಸಹಾಯವಾಣಿಗೆ ಫೋನ್ ಹಚ್ಚಿದಳು. 'ಉಂಗಳ್ ಪಗುದಿಯಿಲ್ ಎಂದ ತಡೈಯುಂ ಇಲ್ಲೈ' ಎಂದು ಒಬ್ಬಳು ಜೇನಿನಂಥ ದನಿಯಲ್ಲಿ ಅದೇ ಮಾತನ್ನು ತಮಿಳಿನಲ್ಲಿ ಹೇಳಿದಳು. ದೂರು ಕೊಡಲು ಒಂದನ್ನು ಒತ್ತಿ ಎಂದಳು, ಒತ್ತಿದ್ದಾಯಿತು. ಎಂಟು ಅಂಕಿಯ ದೂರು ನಂಬರ್ ಮೆಸೇಜಿನಲ್ಲಿ ಬಂತು. ಇಪ್ಪತ್ನಾಲ್ಕು ಗಂಟೆಯೊಳಗೆ ನಮ್ಮ ಸಿಬ್ಬಂದಿ ಭೇಟಿ ಕೊಡುತ್ತಾರೆ ಎಂದೂ ಇತ್ತು.

'ನಿನ್ನ ಇಪ್ಪತ್ನಾಲ್ಕು ಗಂಟೆಗಿಷ್ಟು ಬೆಂಕಿ ಹಾಕ,' ಎಂದುಕೊಂಡು ಉಷಾ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.

ಕೆಳಗಿನ ಮನೆಯಲ್ಲಿ ಮನೆ ಮಾಲೀಕರ ಹೆಂಡತಿ ಮಂಗಮ್ಮ ಟಿವಿಯ ಮುಂದೆ ಕೂತು, ಕಪ್ಪು ಪರದೆಗೆ ಶಾಪ ಹಾಕುತ್ತಿದ್ದರು. ನಿನ್ನೆ ರಾತ್ರಿಯ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸಿ ಕೊಟ್ಟಿದ್ದಳು. ಸೊಸೆ ಲೋಟ ಎತ್ತಿದ್ದಳು. ಅದನ್ನು ಬೆಳಿಗ್ಗೆ ಮತ್ತೆ ನೋಡೋಣ ಎಂದರೆ ಈ ಗತಿ.

"ಮಂಗಮ್ಮಾರೇ, ನಿಮ್ಮನೇಲಿ ನೆಟ್ ಇದ್ಯಾ?"

"ಎಲ್ಲೈತವ್ವಾ! ಒಂಬತ್ತು ಗಂಟೆಯಿಂದ್ಲೂ ಹೋಗ್ಬುಟ್ಟೈತೆ. ಅವಳು ಹಾಲು ಕುಡುದ್ಲೋ ಬಿಟ್ಳೋ ಒಂದೂ ಗೊತ್ತಾಗ್ನಿಲ್ಲ."

ಉಷಾಗೆ ಒಳಗೊಳಗೇ ಹಿಗ್ಗು. ಎದುರು ಮನೆಗೆ ಓಡಿದಳು. ಅಲ್ಲಿರುವ ಹನುಮಯ್ಯನವರು ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು; ಜಗತ್ತಿನ ಎಲ್ಲ ಕಾಗದಕ್ಕೂ ಒಂದು ಫೈಲು ಇಟ್ಟವರು. ಅವರು ಬಾಗಿಲಲ್ಲೇ ಶುರುಮಾಡಿದರು. "ನಮ್ಮದೂ ಇಲ್ಲಮ್ಮ. ಇವರಿಗೆ ಹೇಳೋರು ಕೇಳೋರು ಯಾರೂ ಇಲ್ಲ. ದುಡ್ಡು ತಗೊಳ್ಳೋವಾಗ ಮಾತ್ರ ನಗ್ತಾರೆ. ಗ್ರಾಹಕರ ವೇದಿಕೆಗೆ ಹಾಕಬೇಕು ಇವರನ್ನ."

ಮೂಲೆಯಲ್ಲಿ ಹಾಸನದ ಅಂಬರೀಶನ ಬೇಕರಿ. ಅಲ್ಲಿ ಬೆಳಗಿನಿಂದ ಸಂಜೆವರೆಗೂ ಟಿವಿಯಲ್ಲಿ ಹಳೇ ಹಾಡು ಓಡುತ್ತಿರುತ್ತದೆ. ಇವತ್ತು ಬನ್ನುಗಳು ಮೌನವಾಗಿ ಕೂತಿದ್ದವು. "ನಮ್ದೂ ಹೋಗಿದೆ ಅಕ್ಕ," ಎಂದ ಅಂಬರೀಶ, ಒಂದು ಖಾರಾ ಬನ್ನನ್ನು ಕಾಗದಕ್ಕೆ ಸುತ್ತುತ್ತಾ. "ಗಿರಾಕಿಗಳು ಏನ್ ಗುರು, ಯಾರಾದ್ರೂ ಹೋಗ್ಬಿಟ್ರಾ ಅಂತ ಕೇಳ್ತಾವ್ರೆ."

ನಾಲ್ಕಕ್ಕೆ ನಾಲ್ಕು! ಉಷಾ ಬೇಕರಿ ಮುಂದೆಯೇ ನಿಂತು ಶಶಿಕುಮಾರನಿಗೆ ಮೆಸೇಜು ಕುಟ್ಟಿದಳು: ಇಡೀ ಏರಿಯಾಕ್ಕೇ ನೆಟ್ ಹೋಗಿದೆ ಸರ್, ಮೂರು ಕಡೆ ನಾನೇ ಹೋಗಿ ವಿಚಾರಿಸಿದ್ದೇನೆ. ಉತ್ತರ ತಕ್ಷಣ ಬಂತು. ಬಹುಶಃ ಆತ ಬೆರಳನ್ನು ಸಿದ್ಧವಾಗಿ ಎತ್ತಿಹಿಡಿದುಕೊಂಡೇ ಇರುತ್ತಾನೆ. 'ಓಕೆ ಉಷಾ. ನೋಟಿಸ್ ಅಥವಾ ಮೂರು ದೂರು ನಂಬರ್ ಕಳಿಸಿ. ಒಂದು ಗಂಟೆಯೊಳಗೆ. ಇದು ನಿಮ್ಮ ಮೂರನೆಯದು, ನೆನಪಿದೆ ಅಲ್ವಾ.'

ನೆನಪಿಲ್ಲದೆ ಏನು, ಹಾಳಾದವನೇ. ಅವಳು ವಾಪಸ್ಸು ಹೊರಟಳು.

ನೆಟ್ ಹೋಗಿದೆ ಎಂದು ಹೇಳಲು ಒಂದು ಕ್ಷಣವೂ ತಡಮಾಡದ ಬೀದಿ, ದೂರು ನಂಬರ್ ಎಂದ ಕೂಡಲೇ ಕೆಮ್ಮತೊಡಗಿತು. ಅಂಬರೀಶ ಒಲೆಯಲ್ಲಿ ಏನೋ ಸೀದುಹೋಗುತ್ತಿದೆ ಎಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಮಂಗಮ್ಮ, "ನಂಬ್ರಾ? ಐತೆ ಇರು," ಎಂದು ಹಳೇ ಡೈರಿಯೊಂದನ್ನು ತಂದು, ಕನ್ನಡಕ ಏರಿಸಿ, ಒಂದೊಂದೇ ಅಂಕಿ ಓದಿದರು. ಉಷಾ ಶ್ರದ್ಧೆಯಿಂದ ಬರೆದುಕೊಂಡಳು. ಹದಿನಾರು ಅಂಕಿ ದಾಟಿದ ಮೇಲೆ ಅನುಮಾನ ಬಂದು ಬಗ್ಗಿ ನೋಡಿದರೆ ಅದು ಅಡುಗೆ ಗ್ಯಾಸಿನ ಗ್ರಾಹಕರ ನಂಬರು.

ಹನುಮಯ್ಯನವರು ನಂಬರ್ ಕೊಡಲಿಲ್ಲ, ಅದಕ್ಕಿಂತ ದೊಡ್ಡದನ್ನೇ ಕೊಟ್ಟರು. "ನಂಬರ್ ಯಾಕಮ್ಮ, ನೋಟಿಸ್ಸೇ ಇದೆ!" ಎಂದು ವಾಟ್ಸಾಪಿನಲ್ಲಿ ಒಂದು ಚಿತ್ರ ದಾಟಿಸಿದರು. ಸುಡರ್ ಫೈಬರಿನದೇ ಲೆಟರ್‌ಹೆಡ್ಡು, ಕೆಳಗೆ ಮೊಹರು: ಕೇಬಲ್ ದುರಸ್ತಿ ಪ್ರಯುಕ್ತ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಸೇವೆ ಇರುವುದಿಲ್ಲ. ಉಷಾ ಆ ಚಿತ್ರವನ್ನು ಎದೆಗವಚಿಕೊಳ್ಳುವುದೊಂದು ಬಾಕಿ. ಶಶಿಕುಮಾರನಿಗೆ ಕಳಿಸಲು ಬೆರಳು ಇಟ್ಟವಳು, ಯಾವುದಕ್ಕೂ ಇರಲಿ ಎಂದು ತಾರೀಕು ನೋಡಿದಳು. ಎರಡು ವರ್ಷದ ಹಿಂದಿನದು. ಜಾಗ ಬಡಾವಣೆಯ ಮೊದಲ ಹಂತ. ಅವರ ಬೀದಿ ಎರಡನೇ ಹಂತ.

"ಅಂಕಲ್, ಇದು ಹಳೇದು."

"ತಾರೀಕು ಹಳೇದಿರಬಹುದಮ್ಮ, ತೊಂದರೆ ಅದೇ ತಾನೆ," ಎಂದರು ಹನುಮಯ್ಯನವರು.

ಹನ್ನೊಂದು ಗಂಟೆ ದಾಟಿತ್ತು. ಉಷಾ ಸುಡರ್ ಫೈಬರಿನ ಹೊಸೂರು ಆಫೀಸಿಗೇ ನೇರವಾಗಿ ಫೋನ್ ಮಾಡಿ, ಅಲ್ಲಿದ್ದವರ ಪ್ರಾಣ ತಿಂದು, ತಮ್ಮ ಬೀದಿಯ ಲೈನ್ ನೋಡಿಕೊಳ್ಳುವ ಹುಡುಗನ ನಂಬರ್ ಪಡೆದಳು. ಹುಡುಗ ಅಂದರೆ ಮೂವತ್ತೆಂಟು ವರ್ಷದ ಕುಮಾರೇಶ್. ಲೈನಿನವರಿಗೆ ವಯಸ್ಸಾಗುವುದೇ ಇಲ್ಲ. ಅವನು ಎಲ್ಲೋ ಬೇರಿಕೆ ರಸ್ತೆಯಲ್ಲಿ ಏಣಿಯ ಮೇಲೆ ನಿಂತಿದ್ದ.

"ಸೊಲ್ಲುಂಗ ಅಕ್ಕಾ, ಏನ್ ಕಂಪ್ಲೇಂಟು?"

"ಇಡೀ ಏರಿಯಾ ಡೌನ್ ಆಗಿದೆ ಕುಮಾರೇಶ್. ನಿಮ್ಮ ಆಪ್ ನೋಡಿದ್ರೆ ಏನೂ ಇಲ್ಲ ಅಂತದೆ. ಕಣ್ಣು ಕಾಣಲ್ವಾ ನಿಮ್ಮ ಆಪ್‌ಗೆ?"

"ಇರಿ ಅಕ್ಕಾ." ಫೋನಿನಲ್ಲಿ ಏನನ್ನೋ ತಡಕುವ ಸದ್ದು. "ನಿಮ್ದು ಬೇಕರಿ ಮುಂದೆ ಕಂಬದಲ್ಲಿರೋ ಬಾಕ್ಸ್, ಹದಿನೇಳನೇ ನಂಬರು. ಆ ಬಾಕ್ಸಲ್ಲಿ ಎಂಟು ಕನೆಕ್ಷನ್ ಕೊಡಬಹುದು. ಇವಾಗ ಲೈವ್ ಇರೋದು ಒಂದೇ ಒಂದು. ನೀವು ಮಾತ್ರ."

"ಏನಂದೆ?"

"ಒಂದು ಬಾಕ್ಸಲ್ಲಿ ಮೂರು ನಾಲ್ಕು ಕಸ್ಟಮರ್ ಒಟ್ಟಿಗೆ ಹೋದ್ರೆ, ಕಂಪ್ಲೇಂಟ್ ಬಂದ್ರೆ, ಸಿಸ್ಟಮ್ಮೇ ಎಲ್ಲಾ ಸೇರಿಸಿ ಏರಿಯಾ ಫಾಲ್ಟ್ ಅಂತ ಹಾಕುತ್ತೆ, ನೋಟಿಸ್ ಬಿಡುತ್ತೆ. ಒಬ್ರೇ ಹೋದ್ರೆ ಕರೆಂಟ್ ಆಫ್ ಮಾಡ್ಕೊಂಡು ಊರಿಗೆ ಹೋಗಿರ್ತಾರೆ ಅಂದ್ಕೊಳುತ್ತೆ. ಅಷ್ಟೇ ಅಕ್ಕಾ."

"ಅಲ್ಲ ಕಣಪ್ಪ, ಎದುರು ಮನೆ, ಕೆಳಗಿನ ಮನೆ, ಬೇಕರಿ, ಎಲ್ಲರಿಗೂ ಹೋಗಿದೆ. ನಾನೇ ಹೋಗಿ ಕೇಳಿದ್ದೀನಿ."

ಕುಮಾರೇಶ್ ನಗು ತಡೆದುಕೊಂಡ ದನಿಯಲ್ಲಿ ಹೇಳಿದ: "ಅವ್ರೆಲ್ಲಾ ದುಡ್ಡು ಕಟ್ಟಿ ಒಂದು ವರ್ಷದ ಮೇಲಾಯ್ತು. ಅಕ್ಕಾ, ಒಂದ್ ಕೆಲಸ ಮಾಡಿ. ಹೊರಗಡೆ ಲೈನ್ ಇಲ್ದಿದ್ರೂ ನಿಮ್ಮನೆ ವೈಫೈ ಓಡ್ತಾ ಇರುತ್ತೆ. ಡಬ್ಬಿ ಹಿಂದೆ ಒಂದು ಅಡ್ರೆಸ್ಸು, ಪಾಸ್‌ವರ್ಡ್ ಅಂಟಿಸಿದೆ. ಫೋನಲ್ಲಿ ಅದು ಹಾಕಿ ಓಪನ್ ಮಾಡಿ, ಎಷ್ಟು ಜನ ನೇತಾಡ್ತಾವ್ರೆ ನೋಡಿ."

ಉಷಾ ಮೇಲೆ ಹೋಗಿ ಡಬ್ಬಿಯನ್ನು ತಿರುಗಿಸಿ, ಬರೆದಿದ್ದನ್ನು ಹಾಕಿ, ಪುಟ ತೆರೆದಳು. 'ಸಂಪರ್ಕದಲ್ಲಿರುವ ಸಾಧನಗಳು: ಹತ್ತೊಂಬತ್ತು.' ಅವಳ ಮನೆಯಲ್ಲಿರುವುದು ಲ್ಯಾಪ್‌ಟಾಪೊಂದು, ಫೋನು ಎರಡು. ನಂದೀಶನದು ಕಾರ್ಖಾನೆಯ ಲಾಕರಿನಲ್ಲಿತ್ತು. ಉಳಿದ ಹದಿನೇಳು ಯಾರ ಮನೆಯ ಮಕ್ಕಳು? ಒಂದರ ಹೆಸರು 'ಅಂಬಿ ಬೇಕರಿ ಟಿವಿ'. ಒಂದು 'ಹನುಮಯ್ಯ ಟ್ಯಾಬ್', ಇನ್ನೊಂದು 'ಹನುಮಯ್ಯ ಹೊಸ'. ಒಂದು 'ಮಂಗಮ್ಮ ಹಾಲ್', ಮತ್ತೊಂದು 'ಮಂಗಮ್ಮ ರೂಮ್'. ನಾಚಿಕೆ ಮಾನ ಇಲ್ಲದ ಜನ ಹೆಸರು ಬೇರೆ ಬರೆದಿಟ್ಟಿದ್ದಾರೆ.

ಅವಳಿಗೆ ಮೈಯೆಲ್ಲ ಉರಿಯಿತು. ಕೆಲಸಕ್ಕೆ ಸೇರುವಾಗ, ಮನೆಯ ನೆಟ್ಟನ್ನು ಹೊರಗಿನ ಯಾರಿಗೂ ಕೊಡುವುದಿಲ್ಲ ಎಂದು ಸಹಿ ಬೇರೆ ಹಾಕಿದ್ದಳು. ಇದು ಶಶಿಕುಮಾರನಿಗೆ ತಿಳಿದರೆ ಆಫೀಸಿಗೆ ಬನ್ನಿ ಅನ್ನುವುದಿಲ್ಲ, ಬರಲೇಬೇಡಿ ಅನ್ನುತ್ತಾನೆ. ಮೆಟ್ಟಿಲಿಳಿಯುವಾಗಲೇ ಒಂದೊಂದಾಗಿ ನೆನಪಾಯಿತು. ಮಂಗಮ್ಮನ ಮಗಳಿಗೆ ಡೆಂಕಣಿಕೋಟೆಯಲ್ಲಿ ಹೆರಿಗೆಯಾದಾಗ, ಮಗುವಿನ ಮುಖ ವಿಡಿಯೋದಲ್ಲಿ ನೋಡಲು ಐದು ನಿಮಿಷಕ್ಕೆಂದು ಪಾಸ್‌ವರ್ಡ್ ಕೊಟ್ಟಿದ್ದಳು. ಹನುಮಯ್ಯನವರು ತಾವು ಇನ್ನೂ ಬದುಕಿದ್ದೇವೆಂದು ಪಿಂಚಣಿಯವರಿಗೆ ಸಾಬೀತು ಮಾಡಬೇಕಾದಾಗ, ಐದು ನಿಮಿಷಕ್ಕೆ. ಭೂಮಿಕಾಳ ಹುಟ್ಟುಹಬ್ಬದ ಕೇಕಿಗೆ ಫೋಟೋ ಕಳಿಸುವಾಗ ಅಂಬರೀಶನಿಗೆ, ಅದೂ ಐದು ನಿಮಿಷಕ್ಕೆ. ಆ ಮೂರು ಐದು ನಿಮಿಷಗಳು ಇನ್ನೂ ಮುಗಿದಿರಲಿಲ್ಲ.

ಬೀದಿಯ ನಡುವೆ ನಿಂತು ಅವಳು ಫೋನಿನಲ್ಲಿದ್ದ ಪಟ್ಟಿಯನ್ನು ಜೋರಾಗಿ ಓದತೊಡಗಿದಳು. "ಮಂಗಮ್ಮ ಹಾಲ್! ಮಂಗಮ್ಮ ರೂಮ್! ಹನುಮಯ್ಯ ಟ್ಯಾಬ್! ಹನುಮಯ್ಯ ಹೊಸ! ಅಂಬಿ ಬೇಕರಿ ಟಿವಿ!" ಶಾಲೆಯಲ್ಲಿ ಹಾಜರಿ ಕರೆದಂತೆ ಒಬ್ಬೊಬ್ಬರೇ ಗೇಟಿಗೆ ಬಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದಿಯುತ್ತಿರುವುದು ತಾನೊಬ್ಬನೇ ಎಂದು ಇಷ್ಟು ದಿನ ಪ್ರತಿಯೊಬ್ಬರೂ ನಂಬಿಕೊಂಡಿದ್ದರು; ಈಗ ಎಲ್ಲರಿಗೂ ಒಂಥರಾ ಮೋಸಹೋದಂತಾಯಿತು.

"ಓಹೋ, ನೀವೂನಾ ಹನುಮಯ್ನೋರೇ?" ಎಂದರು ಮಂಗಮ್ಮ, ತಮ್ಮ ಸ್ವಂತ ವೈಫೈಯನ್ನು ಯಾರೋ ಕದ್ದರೇನೋ ಎಂಬಂತೆ. "ಅದಕ್ಕೇ ನಮ್ಮ ಸೀರಿಯಲ್ಲು ರಾತ್ರಿ ಹೊತ್ತು ಸುತ್ತಾ ಇತ್ತು!"

"ನಾನು ಬಳಸೋದು ಬರೀ ಸುದ್ದಿಗೆ," ಎಂದರು ಹನುಮಯ್ಯನವರು.

"ಸುದ್ದೀಗೆ ಎರಡೆರಡು ಯಾಕೆ ಸಾರ್?" ಎಂದ ಅಂಬರೀಶ. ಎಲ್ಲರೂ ಅವನ ಟಿವಿಯ ಕಡೆ ನೋಡಿದರು.

ಉಷಾಗೆ ಕಿರುಚಬೇಕು ಅನ್ನಿಸಿತು, ಆದರೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ನೀವು ನೋಡ್ಕೊಂಡಿದ್ದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಆ ಕಂಪನಿ ಪುಸ್ತಕದಲ್ಲಿ ಈ ಬೀದೀಲಿ ಒಂದೇ ಮನೆ ಇದೆ. ನನ್ನ ಮನೆ. ನೀವ್ಯಾರೂ ಇಲ್ಲವೇ ಇಲ್ಲ. ನಾಲ್ಕು ಮನೆಗೆ ಹೋಗಿದೆ ಅಂತ ನಾನು ಬಾಯಿ ಬಡ್ಕೊಂಡೆ. ಇವಾಗ ಮೂರು ನಂಬರ್ ಎಲ್ಲಿಂದ ತರ್ಲಿ? ಒಂದು ಗಂಟೆಗೆ ನನ್ನ ಕೆಲಸ ಹೋಗುತ್ತೆ."

ಮಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಧಾರಾವಾಹಿ ನೋಡಿ ನೋಡಿ ಅವರಿಗೆ ಯಾವ ಘಳಿಗೆಯಲ್ಲಿ ಎದ್ದು ನಿಲ್ಲಬೇಕೆಂಬುದು ಚೆನ್ನಾಗಿ ಗೊತ್ತಿತ್ತು. "ಅಳಬ್ಯಾಡ ಸುಮ್ಕಿರು. ಆ ಲೈನಿನವನ್ನ ಕೇಳು, ನಮ್ಮ ಹಳೇ ಕನೆಕ್ಷನ್ಗೆ ಈಗ ದುಡ್ಡು ಕಟ್ಟಿದ್ರೆ ನಾವೂ ಲೆಕ್ಕಕ್ಕೆ ಬತ್ತೀವಾ ಅಂತ."

ಕುಮಾರೇಶನನ್ನು ಕೇಳಿದ್ದಾಯಿತು. ಅವನು ಯೋಚಿಸಿ ಹೇಳಿದ. ಮೂವರ ಅಕೌಂಟೂ ಹಾಗೇ ಇವೆ, ನಿಂತಿವೆ ಅಷ್ಟೆ. ಕಂಬದಿಂದ ಮನೆಗೆ ಎಳೆದ ವೈರನ್ನೂ ಬಿಚ್ಚಿಲ್ಲ. ಒಂದು ತಿಂಗಳಿಗೆ ರೀಚಾರ್ಜ್ ಮಾಡಿ, ಡಬ್ಬಿಗೆ ಕರೆಂಟು ಕೊಟ್ಟು, ಕೆಂಪು ದೀಪ ಬಂದರೆ ದೂರು ಕೊಡಿ. ಬಾಕ್ಸಿಗೆ ಬರುವ ವೈರೇ ಹೋಗಿದ್ದರೆ ಎಲ್ಲರಿಗೂ ಕೆಂಪೇ ಬರುತ್ತದೆ. ಹಸಿರು ಬಂದರೆ ತೊಂದರೆ ನಿಮ್ಮದೊಂದೇ ವೈರಿನದು. "ಸುಳ್ಳು ಕಂಪ್ಲೇಂಟ್ ಮಾತ್ರ ಬೇಡ ಅಕ್ಕಾ, ನನ್ ಕೆಲಸಕ್ಕೇ ಕುತ್ತು ಬರುತ್ತೆ," ಎಂದ.

ಹನ್ನೆರಡು ಹೊಡೆದಿತ್ತು. ಬೀದಿ ಓಡತೊಡಗಿತು. ಹನುಮಯ್ಯನವರು ಡಬ್ಬಿಯನ್ನು ಅದು ಬಂದಿದ್ದ ಥರ್ಮಾಕೋಲಿನಲ್ಲೇ ಇಟ್ಟು, ಮೇಲೆ ತಾರೀಕು ಬರೆದು ಅಟ್ಟದಲ್ಲಿಟ್ಟಿದ್ದರು. ಅಂಬರೀಶನದು ಮೈದಾ ಮೂಟೆಗಳ ಹಿಂದೆ ಸಿಕ್ಕಿತು. ಊದಿದರೆ ಮೋಡ ಎದ್ದಿತು. ಮಂಗಮ್ಮನ ಮನೆಯಲ್ಲಿ ಡಬ್ಬಿ ಟಿವಿಯ ಪಕ್ಕದಲ್ಲೇ ಇತ್ತು, ಪ್ಲಗ್ ತೆಗೆದು ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದರು.

ಹನುಮಯ್ಯನವರು ಮೊದಲು ಪ್ಲಗ್ ಹಾಕಿದರು. ಉಷಾ ಡಬ್ಬಿಯ ಮುಂದೆ ಬಗ್ಗಿ ನಿಂತಳು. ದೀಪಗಳು ಒಂದೊಂದೇ ಕಣ್ಣು ಬಿಟ್ಟವು. ಕೊನೆಯದು ಮಿಣುಕಿತು, ಕೆಂಪಗೆ, ಚೆಂದಗೆ.

"ಕೆಂಪು!" ಎಂದು ಅವಳು ಕೂಗಿದಳು. ಬೇಕರಿಯಿಂದ ಅಂಬರೀಶನೂ "ನಮ್ದೂ ಕೆಂಪೇ ಅಕ್ಕಾ!" ಎಂದು ಕೂಗಿದ. ಒಂದು ದೀಪ ಕೆಟ್ಟು ನಿಂತಿದ್ದಕ್ಕೆ ಆ ಬೀದಿಯಲ್ಲಿ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಹನುಮಯ್ಯನವರ ರೀಚಾರ್ಜ್ ಆಯಿತು, ದೂರು ನಂಬರ್ ಬಂತು. ಅಂಬರೀಶನದೂ ಬಂತು. ಉಷಾಳದು ಬೆಳಿಗ್ಗೆಯೇ ಇದೆ. ಅಲ್ಲಿಗೆ ಮೂರಾಯಿತು ಎಂದು ಅವಳು ಹಿಗ್ಗುವಷ್ಟರಲ್ಲಿ, ಹನುಮಯ್ಯನವರು ಶಶಿಕುಮಾರನ ನಿಯಮವನ್ನು ಅವಳ ಫೋನಿನಲ್ಲಿ ಇನ್ನೊಮ್ಮೆ ಓದಿದರು. ಕಾಗದ ಓದುವುದರಲ್ಲಿ ಅವರ ಕಣ್ಣು ಚುರುಕು. "ಮೂರು ನಂಬರ್, ಉದ್ಯೋಗಿಯದನ್ನು ಬಿಟ್ಟು. ಇಲ್ಲಿ ಕೆಳಗೆ ಸಣ್ಣಕ್ಷರದಲ್ಲಿದೆ ನೋಡಮ್ಮ."

ಎಲ್ಲರೂ ಮಂಗಮ್ಮನ ಕಡೆ ತಿರುಗಿದರು. ಡಬ್ಬಿಯಲ್ಲಿ ಕೆಂಪು ಬಂದಿತ್ತು, ಆದರೆ ಅಕೌಂಟು ಇದ್ದದ್ದು ಅವರ ಗಂಡ ನರಸಿಂಹಪ್ಪನವರ ಮೊಬೈಲಿನಲ್ಲಿ. ಅವರು ಬೆಳಿಗ್ಗೆಯೇ ಗುಮ್ಮಳಾಪುರದ ರಾಗಿ ಹೊಲಕ್ಕೆ ಹೋಗಿದ್ದರು. ಅಕೌಂಟು ತೆರೆಯಲು ಅವರ ಫೋನಿಗೆ ಓಟಿಪಿ ಹೋಯಿತು. ಮಂಗಮ್ಮ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ರೀ, ನಿಮ್ಮ ಫೋನ್ಗೆ ಒಂದು ನಂಬ್ರ ಬಂದೈತೆ, ಹೇಳಿ."

"ಏನ್ ನಂಬ್ರ?"

"ಅದೇ ಓಟಿಪಿ."

ನರಸಿಂಹಪ್ಪನವರು ಗಂಭೀರವಾಗಿ ಹೇಳಿದರು: "ಅದ್ನ ಯಾರಿಗೂ ಹೇಳ್ಬಾರ್ದು ಅಂತ ಟಿವಿಲಿ ದಿನಾ ಬಡ್ಕತಾರೆ. ಹೇಳಾಕಿಲ್ಲ."

"ಅಯ್ಯೋ ನಿಮ್ಮ, ನಾನು ಕಣ್ರೀ! ನಿಮ್ಮ ಹೆಂಡ್ರು!"

"ಹಂಗೇ ಅಂತಾರಂತೆ. ದನಿ ಕೂಡಾ ಹಂಗೇ ಮಾಡ್ತಾರಂತೆ ಈಗ."

ಹನ್ನೆರಡು ಮೂವತ್ತೆಂಟು. ನರ್ಸರಿ ವ್ಯಾನು ಬಂದು ಭೂಮಿಕಾಳನ್ನು ಇಳಿಸಿ ಹೋಯಿತು. ಅಂಬರೀಶ ಅವಳ ಕೈಗೊಂದು ಬಿಸ್ಕತ್ತು ಕೊಟ್ಟು ಕಟ್ಟೆಯ ಮೇಲೆ ಕೂರಿಸಿದ. ಹನುಮಯ್ಯನವರು ಸೈಬರ್ ವಂಚನೆಯ ಬಗ್ಗೆ ನರಸಿಂಹಪ್ಪ ಹೇಳುವುದು ಸರಿಯಾಗೇ ಇದೆ ಎಂದು ಮೆಚ್ಚುಗೆ ಸೂಚಿಸಲು ಹೋಗಿ, ಮಂಗಮ್ಮನ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡರು.

ಮಂಗಮ್ಮ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು. "ನೋಡ್ರೀ. ಹೋದ ಭಾನುವಾರ ನಿಮ್ಮ ತಂಗಿ ಮನೇಲಿ ಕೋಳಿ ತಿಂದ್ಬಂದು, ಶನಿ ದೇವ್ರ ಹರಕೆ ಐತೆ, ಬರೀ ಮೊಸರನ್ನ ಅಂತ ನನ್ನ ಹತ್ರ ಸುಳ್ಳು ಹೇಳಿದ್ರಿ. ಅಂಗಿ ಮ್ಯಾಲೆ ಸಾರು ಬಿದ್ದಿತ್ತು. ಒಗೆದಿದ್ದು ನಾನೇ. ಈಗ ಗೊತ್ತಾಯ್ತಾ ಯಾರು ಮಾತಾಡ್ತಾ ಇರೋದು ಅಂತ?"

"ನಾಕು, ಒಂಬತ್ತು, ಸೊನ್ನೆ, ಎರಡು..." ಎಂದು ಶುರುಮಾಡಿದರು ನರಸಿಂಹಪ್ಪ, ತುಂಬ ಮೆಲ್ಲಗೆ.

ಹನ್ನೆರಡು ನಲವತ್ತಾರಕ್ಕೆ ಮೂರನೇ ನಂಬರ್ ಬಂತು. ಉಷಾ ಮೂರನ್ನೂ ಟೈಪು ಮಾಡುತ್ತಿರುವಾಗ ಬೀದಿಯಲ್ಲಿದ್ದ ಮೂರು ಫೋನುಗಳು ಒಟ್ಟಿಗೇ ಟಿಣ್ ಎಂದವು, ಹೊಲದಲ್ಲಿದ್ದ ನಾಲ್ಕನೆಯದೂ ಅಂದಿರಬೇಕು. ಸುಡರ್ ಫೈಬರ್: ನಿಮ್ಮ ಪ್ರದೇಶದಲ್ಲಿ ಬೆಳಿಗ್ಗೆ 9.05ರಿಂದ ಸೇವೆಯಲ್ಲಿ ಅಡಚಣೆ ಉಂಟಾಗಿದೆ. ನಿಮ್ಮ ದೂರನ್ನು ಪ್ರದೇಶದ ದೂರಿನೊಂದಿಗೆ ಸೇರಿಸಲಾಗಿದೆ. ಸಂಜೆ ಐದರೊಳಗೆ ಸರಿಪಡಿಸಲಾಗುವುದು. ನಾಲ್ವರಿಗೂ ಕೆಳಗೆ ಕೊಟ್ಟಿದ್ದ ಪ್ರದೇಶದ ದೂರು ನಂಬರ್ ಒಂದೇ. ಉಷಾ ಖಾತರಿಗೆಂದು ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಬೆಳಿಗ್ಗೆ ಏನೂ ಇಲ್ಲ ಎಂದಿದ್ದ ಅದೇ ಜೇನುದನಿಯವಳು ಈಗ ಇವರ ಬಡಾವಣೆಯ ಹೆಸರು ಹಿಡಿದು ವಿಷಾದಿಸಿದಳು. ಬೀದಿಯವರೆಲ್ಲ ಆ ವಿಷಾದವನ್ನು ನಿಂತು ಪೂರ್ತಿ ಕೇಳಿ, ಕೊನೆಗೆ ಚಪ್ಪಾಳೆ ತಟ್ಟಿದರು.

ನೋಟಿಸೂ ಮೂರು ನಂಬರೂ ಒಟ್ಟಿಗೇ ಶಶಿಕುಮಾರನಿಗೆ ಹೋದವು. ಹನ್ನೆರಡು ಐವತ್ತೊಂಬತ್ತಕ್ಕೆ ಉತ್ತರ ಬಂತು. 'ಮೂರು ದೂರೂ ಹನ್ನೆರಡರ ಮೇಲೆ ಕೊಟ್ಟಿದ್ದಾರೆ. ಬೆಳಿಗ್ಗೆ ಒಂಬತ್ತರಿಂದ ಏನು ಮಾಡ್ತಿದ್ದರು?'

ಉಷಾ ಸುತ್ತ ನಿಂತಿದ್ದ ಮುಖಗಳನ್ನು ಒಮ್ಮೆ ನೋಡಿದಳು. 'ಬೈಯ್ಕೊಂಡು ಕೂತಿದ್ದರು ಸರ್,' ಎಂದು ಬರೆದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

'ಓಕೆ. ಏರಿಯಾ ಫಾಲ್ಟ್ ಅಂತ ಮಾರ್ಕ್ ಮಾಡಿದೆ. ಮೂರನೆಯದು ಲೆಕ್ಕಕ್ಕಿಲ್ಲ.'

ಉಷಾ ಕಟ್ಟೆಯ ಮೇಲೆ ಮಗಳ ಪಕ್ಕದಲ್ಲಿ ಕೂತುಬಿಟ್ಟಳು. ಮಂಗಮ್ಮ ಅವಳ ತಲೆ ಸವರಿದರು, ಅಂಬರೀಶ ಎಲ್ಲರಿಗೂ ಟೀ ತಂದುಕೊಟ್ಟ. ಬೆಳಿಗ್ಗೆಯಿಂದ ಇವರನ್ನೆಲ್ಲ ಕೊಂದುಬಿಡಬೇಕು ಎಂದುಕೊಂಡಿದ್ದವಳಿಗೆ ಈಗ ಇವರ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು, ಸಿಟ್ಟೂ ಹಾಗೇ ಇತ್ತು.

ಮೂರು ಗಂಟೆಗೆ ಕುಮಾರೇಶ್ ಏಣಿ ತಂದು ಕಂಬ ಹತ್ತಿದ. ಬಾಕ್ಸಿನೊಳಗೆ ಹೋಗುವ ವೈರನ್ನು ಅಳಿಲು ಕಡಿದಿತ್ತು. ನಾಲ್ಕೂಕಾಲಿಗೆ ಎಲ್ಲರ ಡಬ್ಬಿಯಲ್ಲೂ ಹಸಿರು ಬಂತು. ಉಷಾ ಮಂಡಿಚಿಪ್ಪನ್ನು ಬಿಟ್ಟಲ್ಲಿಂದ ಹಿಡಿದು ಮುಗಿಸಿ, ಐದೂವರೆಗೆ ಸುಮ್ಮನೆ ಒಮ್ಮೆ ಆ ಪುಟವನ್ನು ತೆರೆದು ನೋಡಿದಳು.

ಸಂಪರ್ಕದಲ್ಲಿರುವ ಸಾಧನಗಳು: ಹತ್ತೊಂಬತ್ತು.

ಮಂಗಮ್ಮ ಹಾಲ್. ಹನುಮಯ್ಯ ಟ್ಯಾಬ್. ಅಂಬಿ ಬೇಕರಿ ಟಿವಿ. ತಂತಮ್ಮ ಮನೆಯಲ್ಲಿ ತಂತಮ್ಮ ಹಸಿರು ದೀಪ ಉರಿಯುತ್ತಿದ್ದರೂ ಅವರೆಲ್ಲ ಅಭ್ಯಾಸಬಲದಿಂದ ಇವಳ ಮನೆಗೇ ಬಂದು ಕೂತಿದ್ದರು. ಮುಂದಿನ ತಿಂಗಳು ಮೂವರೂ ರೀಚಾರ್ಜ್ ಮಾಡಿಸುವುದಿಲ್ಲ, ಮತ್ತೆ ಈ ಬೀದಿಯಲ್ಲಿ ಒಂದೇ ಮನೆ ಇರುತ್ತದೆ, ಮತ್ತೊಂದು ಅಳಿಲು ಬರುತ್ತದೆ. ಉಷಾ ನೀಟಾಗಿ ಪಾಸ್‌ವರ್ಡ್ ಬದಲಾಯಿಸಿದಳು. ಹದಿನಾಲ್ಕು ಅಕ್ಷರ, ಅವಳಿಗೂ ನಂದೀಶನಿಗೂ ಬಿಟ್ಟರೆ ಶಿವನಿಗೂ ಗೊತ್ತಾಗದಂಥದು. ಪಟ್ಟಿ ಎರಡಕ್ಕೆ ಇಳಿಯಿತು.

ಮೂರು ನಿಮಿಷವೂ ಆಗಿರಲಿಲ್ಲ, ಕೆಳಗಿನಿಂದ ಕೂಗು ಬಂತು. "ಉಸಾ! ಮತ್ತೆ ಹೋಗ್ಬುಡ್ತಲ್ಲವ್ವಾ! ಅವಳು ಇನ್ನೇನು ಹಾಲು ಕುಡೀಬೇಕು! ಏರಿಯಾಕ್ಕೆಲ್ಲಾ ಹೋಗೈತಾ?"

ಉಷಾ ಬಾಲ್ಕನಿಗೆ ಬಂದು ಬಗ್ಗಿದಳು. ಎದುರುಮನೆಯ ಗೇಟಿನಲ್ಲಿ ಹನುಮಯ್ಯನವರು, ಮೂಲೆಯಲ್ಲಿ ಅಂಬರೀಶ, ಇಬ್ಬರೂ ಅವಳ ಉತ್ತರಕ್ಕೆ ಕಿವಿ ಕೊಟ್ಟು ನಿಂತಿದ್ದರು.

"ಇಲ್ಲ ಮಂಗಮ್ಮಾರೇ," ಎಂದಳು ಅವಳು, ಮೂವರಿಗೂ ಕೇಳುವಂತೆ. "ಏರಿಯಾ ಚೆನ್ನಾಗಿದೆ. ನನ್ನ ನೆಟ್ಟು ನಿಮ್ಮ ಪಾಲಿಗೆ ಹೋಗಿದೆ ಅಷ್ಟೇ. ನಿಮ್ಮನೇಲಿ ನಿಮ್ಮ ದೀಪ ಉರೀತಾ ಇದೆ, ಅದಕ್ಕೆ ಸೇರ್ಕೊಳ್ಳಿ."